ಕಾಫ್ತಾನ್, ನೈಟ್‌ಸೂಟ್, ರೋಬ್: ಅಳತೆ, ಕಟಿಂಗ್, ಬಟ್ಟೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫ್ತಾನ್, ನೈಟಿ, ನೈಟ್‌ಸೂಟ್, ರೋಬ್ – ಇವುಗಳ ನಡುವೆ ನಿಜವಾದ ವ್ಯತ್ಯಾಸ ಏನು?

ವ್ಯತ್ಯಾಸ ಇರುವುದು ಕಟಿಂಗ್‌ನಲ್ಲಿ. ಕಾಫ್ತಾನ್‌ಗೆ ಬೇರೆ ತೋಳು ಇರುವುದಿಲ್ಲ. ಅಗಲವಾದ ಬಟ್ಟೆಯನ್ನು ಭುಜದ ಮೇಲೆ ಮಡಚಿ, ನಡುವೆ ಕತ್ತು ಕತ್ತರಿಸಿ, ಕಂಕುಳಿನ ಕೆಳಗಿನಿಂದ ಅಂಚಿನವರೆಗೆ ಎರಡೂ ಬದಿಗೆ ಒಂದೊಂದು ಉದ್ದನೆಯ ಹೊಲಿಗೆ ಹಾಕಿದರೆ ಕಾಫ್ತಾನ್ ಆಯಿತು. ಆ ಹೊಲಿಗೆಯ ಹೊರಗೆ ಉಳಿಯುವ ಬಟ್ಟೆಯೇ ತೋಳಿನಂತೆ ಇಳಿಬೀಳುತ್ತದೆ. ನೈಟಿಗೆ ಭುಜ, ಕಂಕುಳ, ತೋಳು ಪ್ರತ್ಯೇಕವಾಗಿ ಕತ್ತರಿಸಿರುತ್ತಾರೆ; ಎದೆಯ ಮೇಲೆ ಯೋಕ್, ಅದರ ಕೆಳಗೆ ನೆರಿಗೆ. ನೈಟ್‌ಸೂಟ್ ಎಂದರೆ ಅಂಗಿ ಮತ್ತು ಪೈಜಾಮದ ಜೋಡಿ. ರೋಬ್ ಮುಂದೆ ಪೂರ್ತಿ ತೆರೆದಿರುತ್ತದೆ, ಒಂದು ಬದಿಯ ಮೇಲೆ ಇನ್ನೊಂದು ಬದಿ ಹೊದ್ದು ಬೆಲ್ಟ್ ಕಟ್ಟಿಕೊಳ್ಳಬೇಕು.

ಈ ಕಟಿಂಗ್‌ನಿಂದಲೇ ಯಾವುದು ಎಲ್ಲಿ ಹಿತ ಎನ್ನುವುದು ತೀರ್ಮಾನವಾಗುತ್ತದೆ. ಕಾಫ್ತಾನ್ ಕೂರಲು, ಓಡಾಡಲು, ಸೆಕೆಯಲ್ಲಿ ಅಂಗಾತ ಮಲಗಲು ಚೆನ್ನ. ರಾತ್ರಿಯೆಲ್ಲ ಹೊರಳಾಡುವವರಿಗೆ ಅಷ್ಟು ಬಟ್ಟೆ ಕಾಲಿಗೆ, ಸೊಂಟಕ್ಕೆ ಸುತ್ತಿಕೊಳ್ಳುತ್ತದೆ. ಅವರಿಗೆ ನೈಟ್‌ಸೂಟ್ ಮೇಲು. ರೋಬ್ ಮಲಗುವ ಉಡುಪೇ ಅಲ್ಲ. ಬೆಲ್ಟಿನ ಗಂಟು ಹೊಟ್ಟೆಗೆ ಒತ್ತುತ್ತದೆ, ಮುಂಭಾಗ ಬಿಚ್ಚಿಕೊಳ್ಳುತ್ತದೆ.

ಲೇಬಲ್ ಮೇಲೆ ನನ್ನದೇ ಸೈಜ್ ಇದೆ. ಆದರೂ ಪೈಜಾಮ ಕೂತಾಗ ಹಿಡಿಯುತ್ತದೆ, ಯಾಕೆ?

ನಾವು ಅಳತೆ ತೆಗೆಯುವುದು ನಿಂತುಕೊಂಡು. ಪೈಜಾಮ ಹಿಡಿಯುವುದು ಕೂತಾಗ, ಮಂಡಿ ಮಡಚಿ ಮಲಗಿದಾಗ. ಕೂತಾಗ ಹೆಚ್ಚಿನವರ ಹಿಪ್ ಸುತ್ತಳತೆ ಒಂದೂವರೆಯಿಂದ ಎರಡು ಇಂಚು ಹಿಗ್ಗುತ್ತದೆ. ಜೊತೆಗೆ ಬೆನ್ನಿನ ಕೆಳಭಾಗ ಬಾಗುವುದರಿಂದ ಹಿಂದೆ ಬಟ್ಟೆ ಉದ್ದವಾಗಿಯೂ ಬೇಕಾಗುತ್ತದೆ. ಇವೆರಡಕ್ಕೂ ಲೂಸ್ ಬಿಟ್ಟಿಲ್ಲದಿದ್ದರೆ ತೊಡೆಸಂದಿನಲ್ಲಿ ಎಳೆಯುತ್ತದೆ, ಹಿಂದೆ ಸೊಂಟಪಟ್ಟಿ ಕೆಳಗೆ ಜಾರುತ್ತದೆ. ಇದರ ಮೇಲೆ ಮೊದಲ ಒಗೆತದಲ್ಲಿ ಬಟ್ಟೆ ಕುಗ್ಗಿದರೆ, ಅಂಗಡಿಯಲ್ಲಿ ಸರಿಯಾಗಿ ಕೂತ ಪೈಜಾಮ ಮನೆಯಲ್ಲಿ ಬಿಗಿಯಾಗುತ್ತದೆ.

ಹಾಗಾಗಿ ಲೇಬಲ್‌ನ ಅಕ್ಷರಕ್ಕಿಂತ ಉಡುಪಿನ ಅಳತೆ ಮುಖ್ಯ. ಪೈಜಾಮವನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಹಿಪ್ ಬರುವ ಜಾಗದಲ್ಲಿ ಅಡ್ಡ ಅಳೆದು ಎರಡರಷ್ಟು ಮಾಡಿ. ಹಿಗ್ಗದ ನೇಯ್ಗೆ ಬಟ್ಟೆಯಾದರೆ (ಕೇಂಬ್ರಿಕ್, ಪಾಪ್ಲಿನ್, ರೇಯಾನ್, ಸ್ಯಾಟಿನ್) ಒಗೆದ ನಂತರವೂ ನಿಮ್ಮ ಹಿಪ್‌ಗಿಂತ ಕನಿಷ್ಠ 4 ಇಂಚು ಜಾಸ್ತಿ ಉಳಿಯಬೇಕು. ಟೀಶರ್ಟ್ ತರಹದ ಹೊಸೈರಿ ಬಟ್ಟೆಗೆ ಹಿಗ್ಗುವ ಗುಣ ಇರುವುದರಿಂದ ಒಂದೆರಡು ಇಂಚು ಸಾಕು.

ಎರಡನೆಯ ಅಳತೆಯನ್ನು ಹೆಚ್ಚಿನವರು ತೆಗೆಯುವುದೇ ಇಲ್ಲ. ಸೊಂಟಪಟ್ಟಿಯ ಮುಂಭಾಗದ ನಡುವಿನಿಂದ, ಕಾಲುಗಳ ನಡುವೆ ಹಾದು, ಹಿಂಭಾಗದ ನಡುವಿನವರೆಗೆ ಟೇಪು ಹಿಡಿದು ಅಳೆಯಬೇಕು. ಟೇಲರ್‌ಗಳು ಇದನ್ನು ಮುಂದಿನ ರೈಸ್, ಹಿಂದಿನ ರೈಸ್ ಎಂದು ಎರಡಾಗಿ ಲೆಕ್ಕ ಹಾಕುತ್ತಾರೆ. ಹಿಂದಿನದು ಮುಂದಿನದಕ್ಕಿಂತ 3–4 ಇಂಚು ಜಾಸ್ತಿ ಇರಬೇಕು. ಎರಡೂ ಹೆಚ್ಚು ಕಡಿಮೆ ಸಮ ಇದ್ದರೆ ಆ ಪೈಜಾಮ ಯಾವ ಸೈಜ್ ಆದರೂ ಕೂತಾಗ ಹಿಂದೆ ಜಾರುತ್ತದೆ. ಸೈಜ್ ದೊಡ್ಡದು ತಗೊಂಡರೆ ಹೋಗುವ ದೋಷ ಇದಲ್ಲ.

ಒಂದು ಉದಾಹರಣೆ ಹಿಡಿದು ಲೆಕ್ಕ ಹೇಳಬಹುದೇ?

ಎದೆ 38 ಇಂಚು, ಹಿಪ್ 42 ಇಂಚು ಇರುವವರನ್ನು ತೆಗೆದುಕೊಳ್ಳೋಣ. ಕೂತಾಗ ಹಿಪ್ 44. ಮುಂದಿನಿಂದ ಹಿಂದಿನವರೆಗೆ ಟೇಪು ಹಾಯಿಸಿದರೆ ದೇಹದ ಅಳತೆ 26.5 ಇಂಚು. ಕೊಳ್ಳಬೇಕೆಂದಿರುವುದು ಕಾಟನ್ ಕೇಂಬ್ರಿಕ್ ನೈಟ್‌ಸೂಟ್. ಮೊದಲೇ ಕುಗ್ಗಿಸಿದ ಬಟ್ಟೆ ಅಲ್ಲವಾದ್ದರಿಂದ 4 ಶೇಕಡಾ ಕುಗ್ಗುತ್ತದೆ ಎಂದುಕೊಳ್ಳೋಣ.

ಎಲ್ ಸೈಜ್ ಪೈಜಾಮ ಚಪ್ಪಟೆ ಅಳತೆಯಲ್ಲಿ 22.5 ಇಂಚು, ಅಂದರೆ ಸುತ್ತಳತೆ 45. ಅಂಗಡಿಯಲ್ಲಿ ಹಾಕಿ ನೋಡಿದಾಗ 3 ಇಂಚು ಲೂಸ್, ಆರಾಮ ಅನ್ನಿಸುತ್ತದೆ. ಒಗೆದ ಮೇಲೆ 43.2 ಆಗುತ್ತದೆ. ಕೂತಾಗ ಬೇಕಾದ 44 ಕೂಡ ಇಲ್ಲ. ಮುಂದಿನ ರೈಸ್ 12, ಹಿಂದಿನದು 15.5, ಒಟ್ಟು 27.5, ಒಗೆದ ಮೇಲೆ 26.4. ದೇಹದ ಅಳತೆಗಿಂತ ಇದೂ ಒಂದೆಳೆ ಕಡಿಮೆ.

ಎಕ್ಸ್‌ಎಲ್ ಚಪ್ಪಟೆ 24 ಇಂಚು, ಸುತ್ತಳತೆ 48. ಒಗೆದ ಮೇಲೆ 46. ನಿಂತಾಗ 4 ಇಂಚು, ಕೂತಾಗ 2 ಇಂಚು ಲೂಸ್ ಉಳಿಯಿತು. ರೈಸ್ 12.5 ಮತ್ತು 16.5, ಒಟ್ಟು 29; ಒಗೆದ ಮೇಲೆ ಸುಮಾರು 27.8. ಒಂದು ಇಂಚಿನ ಮೇಲೆ ಬಿಡುವು ಸಿಕ್ಕಿತು. ಈ ಪೈಜಾಮ ಸರಿ.

ಈಗ ಅಂಗಿಯ ಕಥೆ. ಎಲ್ ಅಂಗಿಯ ಎದೆ ಸುತ್ತಳತೆ 44, ಒಗೆದ ಮೇಲೆ 42. 38ರ ಎದೆಗೆ ಅಷ್ಟು ಸಾಕು. ಎಕ್ಸ್‌ಎಲ್ ಅಂಗಿ 48 ಇದ್ದು 46 ಆಗುತ್ತದೆ, 8 ಇಂಚು ಲೂಸ್. ಜೋಡಿಯನ್ನು ಬೇರೆ ಬೇರೆ ಸೈಜ್‌ನಲ್ಲಿ ಕೊಡುವುದಿಲ್ಲ ಎಂದಾದರೆ ಯಾವತ್ತೂ ಪೈಜಾಮ ನೋಡಿಕೊಂಡೇ ಸೈಜ್ ಆರಿಸಿ. ಅಂಗಿ ದೊಗಲೆಯಾದರೆ ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲ, ಭುಜದ ಹೊಲಿಗೆ ಸ್ವಲ್ಪ ತೋಳಿನ ಮೇಲೆ ಇಳಿಯುತ್ತದೆ ಅಷ್ಟೆ. ತೋಳು ಉದ್ದವಾದರೆ ಮಡಚಿ ಹೊಲಿಯಬಹುದು. ಪೈಜಾಮಕ್ಕೆ ಇಲ್ಲದ ಬಟ್ಟೆಯನ್ನು ಆಮೇಲೆ ಎಲ್ಲಿಂದ ತರುವುದು?

ಕಾಫ್ತಾನ್ ‘ಫ್ರೀ ಸೈಜ್’ ಎನ್ನುತ್ತಾರೆ. ಹಾಗಾದರೆ ಅಳತೆ ನೋಡುವ ಅಗತ್ಯವೇ ಇಲ್ಲವೇ?

ನೋಡಲೇಬೇಕು, ಆದರೆ ಬೇರೆ ಜಾಗದಲ್ಲಿ. ಕಾಫ್ತಾನ್‌ನ ಒಟ್ಟು ಅಗಲ 44 ಇಂಚೋ 50 ಇಂಚೋ ಇರಬಹುದು. ಅದು ಬರೀ ತೋಳಿನ ಹಾರಾಟ. ದೇಹ ಇರುವುದು ಒಳಗಿನ ಎರಡು ಉದ್ದ ಹೊಲಿಗೆಗಳ ನಡುವೆ. ಕಾಫ್ತಾನನ್ನು ಹಾಸಿ, ಹಿಪ್ ಬರುವಲ್ಲಿ ಆ ಎರಡು ಹೊಲಿಗೆಗಳ ನಡುವಿನ ಅಂತರ ಅಳೆಯಿರಿ. ನಿಮ್ಮ ಹಿಪ್‌ನ ಅರ್ಧಕ್ಕೆ ಕನಿಷ್ಠ 3 ಇಂಚು ಸೇರಿಸಿದಷ್ಟು ಇರಬೇಕು. ಹಿಪ್ 42 ಆದರೆ 24 ಇಂಚು. 21–22 ಇಂಚಿಗೆ ಹೊಲಿಗೆ ಹಾಕಿದ ಕಾಫ್ತಾನ್‌ಗಳು ಸಾಕಷ್ಟಿವೆ. ನೋಡಲು ಅಗಾಧ, ಕೂತರೆ ಹೊಲಿಗೆ ಚಿಟ್ ಎನ್ನುತ್ತದೆ.

ಎರಡನೆಯದು ಆ ಹೊಲಿಗೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದು. ಭುಜದ ಮಡಿಕೆಯಿಂದ 9ರಿಂದ 11 ಇಂಚು ಕೆಳಗೆ ಶುರುವಾದರೆ ಹೆಚ್ಚಿನವರಿಗೆ ಸರಿ. 8ಕ್ಕಿಂತ ಕಡಿಮೆಯಾದರೆ ಕಂಕುಳಲ್ಲಿ ಕತ್ತರಿಸಿದಂತೆ ಹಿಡಿಯುತ್ತದೆ, ಬೆವರು ನಿಲ್ಲುತ್ತದೆ. 13ಕ್ಕಿಂತ ಕೆಳಗೆ ಹೋದರೆ ಇನ್ನೊಂದು ಸಮಸ್ಯೆ. ತೋಳು ಮತ್ತು ಮೈ ಒಂದೇ ಬಟ್ಟೆಯಾದ್ದರಿಂದ, ಕೈ ಮೇಲೆತ್ತಿದಾಗ ಹೊಲಿಗೆ ಶುರುವಾಗುವ ಬಿಂದುವೇ ಮೇಲಕ್ಕೆ ಹೋಗಬೇಕಾಗುತ್ತದೆ. ಆ ಬಿಂದು ಸೊಂಟದ ಹತ್ತಿರ ಇದ್ದಷ್ಟೂ ಇಡೀ ಉಡುಪು ಮೇಲೇಳುತ್ತದೆ. ಕಂಕುಳ ಆಳವಾಗಿದ್ದಷ್ಟೂ ಆರಾಮ ಎನ್ನುವುದು ಬೇರೆ ತೋಳಿರುವ ನೈಟಿಗೂ ಅನ್ವಯಿಸದು, ಇದಕ್ಕೂ ಅನ್ವಯಿಸದು. ಅಂಗಡಿಯಲ್ಲಿ ಹಾಕಿ ನೋಡುವಾಗ ಎರಡೂ ಕೈ ತಲೆಯ ಮೇಲೆ ಎತ್ತಿ. ಕೆಳ ಅಂಚು ಒಂದು ಗೇಣಿಗಿಂತ ಹೆಚ್ಚು ಮೇಲೆ ಹೋದರೆ ಹೊಲಿಗೆ ತುಂಬ ಕೆಳಗಿದೆ ಎಂದರ್ಥ. ಇದನ್ನು ಮನೆಯಲ್ಲೇ ಸರಿ ಮಾಡಬಹುದು: ಇರುವ ಹೊಲಿಗೆಯನ್ನೇ ನೇರವಾಗಿ 2–3 ಇಂಚು ಮೇಲಕ್ಕೆ ಮುಂದುವರಿಸಿ, ತುದಿಯಲ್ಲಿ ಮೂರು ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ. ಎಳೆತವೆಲ್ಲ ಆ ತುದಿಯ ಮೇಲೆ ಬೀಳುವುದರಿಂದ ಕಾಫ್ತಾನ್ ಮೊದಲು ಹರಿಯುವುದೂ ಅಲ್ಲೇ.

ಉದ್ದದ ಬಗ್ಗೆ: ಬರಿಗಾಲಲ್ಲಿ ನಿಂತಾಗ ಅಂಚು ನೆಲದಿಂದ ಎರಡು ಮೂರು ಇಂಚಾದರೂ ಮೇಲಿರಲಿ. ಮೆಟ್ಟಿಲು ಹತ್ತುವಾಗ ಮುಂದಿನ ಅಂಚು ಕಾಲ ಕೆಳಗೆ ಸಿಕ್ಕಿ ಮುಗ್ಗರಿಸುವುದು ಇದರಲ್ಲಿ ತೀರಾ ಸಾಮಾನ್ಯ. ಬದಿಯಲ್ಲಿ ಮಂಡಿಯವರೆಗೆ ಸ್ಲಿಟ್ ಇದ್ದರೆ ಹೆಜ್ಜೆ ಹಾಕಲು ಸಲೀಸು.

ಕಾಫ್ತಾನ್ ಯಾವಾಗಲೂ ಹಿಂದಕ್ಕೆ ಜಾರಿ ಗಂಟಲಿಗೆ ಒತ್ತುತ್ತದೆ. ಏನು ಕಾರಣ?

ಕತ್ತನ್ನು ಭುಜದ ಮಡಿಕೆಯ ಎರಡೂ ಕಡೆಗೆ ಸಮವಾಗಿ ಕತ್ತರಿಸಿರುತ್ತಾರೆ. ನಮ್ಮ ಕುತ್ತಿಗೆ ನೇರ ಕಂಬವಲ್ಲ, ಮುಂದಕ್ಕೆ ಬಾಗಿದೆ. ಆದ್ದರಿಂದ ರಂಧ್ರದ ಹೆಚ್ಚಿನ ಭಾಗ ಮಡಿಕೆಯ ಮುಂದೆ ಇರಬೇಕು. ಕತ್ತಿನ ಅಗಲ 7 ಇಂಚು ಇಟ್ಟರೆ ಮುಂದೆ 5–6 ಇಂಚು ಆಳ, ಹಿಂದೆ ಒಂದೇ ಇಂಚು. ಹಿಂದೆಯೂ 3–4 ಇಂಚು ಕತ್ತರಿಸಿದ್ದರೆ ಉಡುಪು ತನ್ನ ಸಮತೋಲ ಹುಡುಕಿಕೊಂಡು ಹಿಂದಕ್ಕೆ ಸರಿಯುತ್ತದೆ, ಮುಂದಿನ ಅಂಚು ಗಂಟಲ ಮೇಲೆ ಕೂರುತ್ತದೆ.

ಮುಂದೆ ಆಳ ಕಡಿಮೆ ಇದ್ದರೆ ಇನ್ನೊಂದು ಇಂಚು ಇಳಿಸಿ ಪೈಪಿಂಗ್ ಕೊಟ್ಟರೆ ಸರಿಹೋಗುತ್ತದೆ. ಹಿಂದೆ ಆಳವಾಗಿ ಕತ್ತರಿಸಿ ಆಗಿದ್ದರೆ ಅಲ್ಲಿಗೆ ಪಟ್ಟಿ ಜೋಡಿಸುವುದು ಬಿಟ್ಟು ಉಪಾಯವಿಲ್ಲ. ಎದೆಯ ಮೇಲೆ ಭಾರದ ಮಣಿ, ಕಸೂತಿ ಇರುವ ಕಾಫ್ತಾನ್ ಇದಕ್ಕೆ ವಿರುದ್ಧವಾಗಿ ಮುಂದಕ್ಕೆ ಜಗ್ಗುತ್ತದೆ. ಮಲಗಲು ಅಂಥದ್ದು ಬೇಡವೇ ಬೇಡ, ಬೋರಲು ಮಲಗಿದರೆ ಪ್ರತಿ ಮಣಿಯೂ ಗೊತ್ತಾಗುತ್ತದೆ.

ಕಾಫ್ತಾನ್ ಹೊಲಿಸಲು ಎಷ್ಟು ಬಟ್ಟೆ ಬೇಕು?

ಭುಜದಿಂದ 52 ಇಂಚು ಉದ್ದ ಬೇಕೆಂದರೆ, 44 ಇಂಚು ಪನ್ನದ ಬಟ್ಟೆಯಲ್ಲಿ 52ರ ಎರಡರಷ್ಟು 104, ಎರಡೂ ಅಂಚು ಮಡಚಲು 3 ಇಂಚು, ಒಟ್ಟು 107 ಇಂಚು. ಕುಗ್ಗುವ 4 ಶೇಕಡಾ ಸೇರಿಸಿದರೆ ಸುಮಾರು 111.5 ಇಂಚು, ಅಂದರೆ 2.83 ಮೀಟರ್. 3 ಮೀಟರ್ ತಗೊಳ್ಳಿ. ಉಳಿದದ್ದು ಕತ್ತಿನ ಪೈಪಿಂಗ್‌ಗೆ, ಜೇಬಿಗೆ ಆಗುತ್ತದೆ. ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ.

ಬಟ್ಟೆ ಆರಿಸುವಾಗ ಪ್ರಿಂಟಿನ ದಿಕ್ಕು ನೋಡಿ. ಗಿಡ, ಹಕ್ಕಿ, ಗೋಪುರದಂತಹ ಒಂದೇ ದಿಕ್ಕಿನ ಚಿತ್ತಾರ ಇದ್ದರೆ, ಭುಜದ ಮೇಲೆ ಮಡಚಿದಾಗ ಬೆನ್ನಿನ ಕಡೆ ಎಲ್ಲವೂ ತಲೆಕೆಳಗಾಗುತ್ತದೆ. ಆಗ ಮಡಿಕೆಯಲ್ಲಿ ಕತ್ತರಿಸಿ, ಹಿಂಭಾಗವನ್ನು ತಿರುಗಿಸಿ, ಭುಜದಲ್ಲಿ ಹೊಲಿಗೆ ಕೊಡಬೇಕು. ಅದಕ್ಕೆ ಇನ್ನೊಂದು ಇಂಚು ಬಟ್ಟೆ ಹೆಚ್ಚು. ಈ ಮಾತನ್ನು ಕೆಲವು ಟೇಲರ್‌ಗಳು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ಸೆಕೆಗೆ ಯಾವ ಬಟ್ಟೆ? ಕಾಟನ್, ರೇಯಾನ್, ಮೋಡಲ್ ಎಲ್ಲವೂ ತಂಪು ಎನ್ನುತ್ತಾರಲ್ಲ?

ಎಲ್ಲವೂ ತೇವ ಹೀರುತ್ತವೆ ಎನ್ನುವುದು ನಿಜ. ಸಾಮಾನ್ಯ ಗಾಳಿಯಲ್ಲಿ ಕಾಟನ್ ತನ್ನ ತೂಕದ ಸುಮಾರು 8 ಶೇಕಡಾದಷ್ಟು ತೇವ ಹಿಡಿದಿಟ್ಟುಕೊಂಡಿರುತ್ತದೆ, ರೇಯಾನ್ 11–13, ಪಾಲಿಯೆಸ್ಟರ್ ಅರ್ಧ ಶೇಕಡಾಗಿಂತ ಕಡಿಮೆ. ಮೈಗೆ ಜಿಗುಟು ಅನ್ನಿಸುವುದಕ್ಕೂ ಅನ್ನಿಸದಿರುವುದಕ್ಕೂ ಇದು ಒಂದು ಕಾರಣ. ಆದರೆ ನೂಲಿನಷ್ಟೇ ನೇಯ್ಗೆಯ ತೆಳುವೂ ಮುಖ್ಯ. ದಪ್ಪ ಕಾಟನ್ ನೈಟ್‌ಸೂಟ್‌ಗಿಂತ ತೆಳು ರೇಯಾನ್ ತಂಪು. ರೇಯಾನ್‌ಗಿಂತ ಮಲ್ ಬಟ್ಟೆ ಇನ್ನೂ ಹಗುರ.

ತೂಕ ನೋಡಲು ಜಿಎಸ್‌ಎಂ ಎಂಬ ಸಂಖ್ಯೆ ಇದೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಮಲ್ 80ಕ್ಕಿಂತ ಕೆಳಗೆ, ಕೇಂಬ್ರಿಕ್ 100ರ ಆಸುಪಾಸು, ನೈಟ್‌ಸೂಟಿನ ಹೊಸೈರಿ 140ರಿಂದ 180, ಚಳಿಗಾಲದ ಫ್ಲಾನೆಲ್ 150ರ ಮೇಲೆ. ಸೆಕೆಯ ರಾತ್ರಿಗೆ 110ರೊಳಗಿನ ನೇಯ್ಗೆ ಬಟ್ಟೆ ಹುಡುಕಿ. ಮಲ್‌ನಲ್ಲಿ ತಿಳಿ ಬಣ್ಣವಾದರೆ ಮೈ ಕಾಣುತ್ತದೆ, ಅದಕ್ಕೆ ಒಳಪದರ ಕೊಟ್ಟರೆ ತಂಪು ಅರ್ಧ ಹೋಯಿತು. ಗಾಢ ಬಣ್ಣದ ಅಥವಾ ಒತ್ತಾದ ಪ್ರಿಂಟಿನ ಮಲ್ ತಗೊಳ್ಳುವುದೇ ಜಾಣತನ.

ಮೋಡಲ್ ಹೊಸೈರಿ ಮುಟ್ಟಲು ಬಹಳ ನುಣುಪು, ಹೊರಳಾಡುವವರಿಗೆ ಹಿತ. ಆದರೆ ಹಿಗ್ಗುವ ಹೊಸೈರಿ ಮೈಗೆ ಅಂಟಿಕೊಂಡೇ ಇರುತ್ತದೆ, ನಡುವೆ ಗಾಳಿ ಓಡಾಡುವುದಿಲ್ಲ. ರಾತ್ರಿ ವಿಪರೀತ ಬೆವರುವವರಿಗೆ ನಮ್ಮ ಶಿಫಾರಸು ಸಡಿಲವಾದ ಕೇಂಬ್ರಿಕ್ ಅಥವಾ ಮಲ್.

‘ಸ್ಯಾಟಿನ್ ಸಿಲ್ಕ್’ ನೈಟ್‌ಸೂಟ್ ರೇಷ್ಮೆಯೇ?

ಸ್ಯಾಟಿನ್ ಎನ್ನುವುದು ನೇಯುವ ಕ್ರಮದ ಹೆಸರು. ಎಳೆಗಳು ಒಂದು ಮುಖದ ಮೇಲೆ ಉದ್ದುದ್ದ ತೇಲುವಂತೆ ನೇಯ್ದರೆ ಆ ಮುಖ ಹೊಳೆಯುತ್ತದೆ. ಹಿಂದಿನ ಮುಖ ಮಂಕು. ಅದನ್ನು ರೇಷ್ಮೆಯಿಂದಲೂ ನೇಯಬಹುದು, ಪಾಲಿಯೆಸ್ಟರ್‌ನಿಂದಲೂ ನೇಯಬಹುದು. ಒಳಲೇಬಲ್‌ನಲ್ಲಿ ನೂಲಿನ ಹೆಸರು ಓದಿ. ಪಾಲಿಯೆಸ್ಟರ್ ಎಂದಿದ್ದರೆ ಬೆವರಿದಾಗ ಬೆನ್ನಿಗೆ ಅಂಟುತ್ತದೆ, ಒಣ ಹವೆಯಲ್ಲಿ ಚಟಪಟ ಎನ್ನುತ್ತದೆ. ಬದಲಿಗೆ ಮೆಷಿನ್‌ನಲ್ಲಿ ಒಗೆಯಬಹುದು, ಕುಗ್ಗುವುದಿಲ್ಲ, ತಂಪಾದ ಕೋಣೆಯಲ್ಲಿ ಚೆನ್ನಾಗಿಯೇ ಇರುತ್ತದೆ. ನಿಜವಾದ ರೇಷ್ಮೆಯ ತೂಕವನ್ನು ಮೊಮ್ಮೆ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮೊಮ್ಮೆ ಸುಮಾರು 4.3 ಜಿಎಸ್‌ಎಂ, ರಾತ್ರಿ ಉಡುಪಿಗೆ ಸಾಮಾನ್ಯವಾಗಿ ಬರುವ 19 ಮೊಮ್ಮೆ ಎಂದರೆ 82 ಜಿಎಸ್‌ಎಂ ಆಸುಪಾಸು.

ಎರಡಕ್ಕೂ ಒಂದು ಸಮಾನ ದೋಷ: ಹೊಲಿಗೆ ಬಿಟ್ಟುಕೊಳ್ಳುವುದು. ನುಣುಪಾದ ಎಳೆಗಳು ಹೊಲಿಗೆಯ ಪಕ್ಕದಲ್ಲೇ ಸರಿದು ಸಣ್ಣ ಸಣ್ಣ ಸಂದು ಕಾಣಿಸಿಕೊಳ್ಳುತ್ತದೆ, ಪೃಷ್ಠದ ನಡುಹೊಲಿಗೆಯಲ್ಲಿ ಮೊದಲು. ಕೊಳ್ಳುವಾಗ ಆ ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ದಾರದ ಗೀರುಗಳು ಏಣಿಯಂತೆ ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಸ್ಯಾಟಿನ್‌ಗೆ ಕೇಂಬ್ರಿಕ್‌ಗಿಂತಲೂ ಹೆಚ್ಚು ಲೂಸ್ ಬೇಕಾಗುವುದು ಇದೇ ಕಾರಣಕ್ಕೆ.

ರೇಯಾನ್ ಕಾಫ್ತಾನ್ ಒಗೆದ ಮೇಲೆ ಮುದ್ದೆಯಾಗಿ ಗಿಡ್ಡವಾಯಿತು. ಹಾಳಾಯಿತೇ?

ಬಹುಶಃ ಇಲ್ಲ. ರೇಯಾನ್ ನೂಲು ನೀರಲ್ಲಿ ಉಬ್ಬಿ ಬಿರುಸಾಗುತ್ತದೆ, ಹಾಗೇ ಒಣಗಿದರೆ ಸುಕ್ಕುಗಟ್ಟಿ ಗಿಡ್ಡ ಕಾಣುತ್ತದೆ. ಪೂರ್ತಿ ಒಣಗುವ ಮೊದಲು, ಇನ್ನೂ ತೇವ ಇರುವಾಗಲೇ, ಉದ್ದಕ್ಕೆ ಮೆಲ್ಲಗೆ ಎಳೆದುಕೊಳ್ಳುತ್ತಾ ಒಳಮೈ ಕಡೆಯಿಂದ ಇಸ್ತ್ರಿ ಮಾಡಿ. ಕಳೆದುಹೋದ ಉದ್ದದಲ್ಲಿ ಸಾಕಷ್ಟು ಮರಳಿ ಬರುತ್ತದೆ. ಬರದೆ ಉಳಿದದ್ದು ನಿಜವಾದ ಕುಗ್ಗುವಿಕೆ.

ಒಗೆಯುವಾಗ ಹಿಂಡಬೇಡಿ. ಕಾಟನ್ ಒದ್ದೆಯಾದಾಗ ಗಟ್ಟಿಯಾಗುತ್ತದೆ, ರೇಯಾನ್ ತನ್ನ ಬಲದಲ್ಲಿ ಅರ್ಧದಷ್ಟು ಕಳೆದುಕೊಳ್ಳುತ್ತದೆ. ಕಾಟನ್ ನೈಟಿಯನ್ನು ಹಿಂಡುವ ಹಾಗೆ ರೇಯಾನನ್ನು ತಿರುಚಿದರೆ ಹರಿಯದಿದ್ದರೂ ನೇಯ್ಗೆ ಸಡಿಲವಾಗಿ ಕಂಕುಳಿನ ಹೊಲಿಗೆ ಪಕ್ಕ ಜಾಲರಿಯಾಗುತ್ತದೆ. ತಣ್ಣೀರು, ಸ್ವಲ್ಪ ಸೋಪು, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯುವುದು. ಒಣಗಿಸಲು ಹ್ಯಾಂಗರ್ ಬೇಡ: ನೀರಿನ ಭಾರಕ್ಕೆ ಭುಜ ಜಗ್ಗಿ ಉದ್ದ ಅಂಕುಡೊಂಕಾಗುತ್ತದೆ. ದಪ್ಪ ಕೋಲಿನ ಮೇಲೆ ಅರ್ಧಕ್ಕೆ ಮಡಚಿ ನೆರಳಲ್ಲಿ ಹಾಕಿ.

ಸೊಂಟದಲ್ಲಿ ಎಲಾಸ್ಟಿಕ್ ಗುರುತು ಬೀಳುತ್ತದೆ. ಲಾಡಿ ಇರುವುದೇ ಒಳ್ಳೆಯದೇ?

ಗುರುತು ಬೀಳಲು ಎರಡು ಕಾರಣ: ಎಲಾಸ್ಟಿಕ್ ಬಿಗಿಯಾಗಿರುವುದು, ಇಲ್ಲವೇ ಕಿರಿದಾಗಿರುವುದು. ಅರ್ಧ ಇಂಚಿನ ಎಲಾಸ್ಟಿಕ್ ಅದೇ ಒತ್ತಡವನ್ನು ಸಣ್ಣ ಗೆರೆಯ ಮೇಲೆ ಹಾಕುತ್ತದೆ. ರಾತ್ರಿ ಪೈಜಾಮಕ್ಕೆ ಒಂದರಿಂದ ಒಂದೂಕಾಲು ಇಂಚು ಅಗಲದ ಮೃದು ಎಲಾಸ್ಟಿಕ್ ಇರಲಿ, ಉದ್ದ ನಿಮ್ಮ ಸೊಂಟಕ್ಕಿಂತ 3 ಇಂಚು ಕಡಿಮೆ. 34 ಇಂಚು ಸೊಂಟಕ್ಕೆ 31. ತುದಿಗಳನ್ನು ಜೋಡಿಸಲು ಬೇಕಾದ ಒಂದು ಇಂಚು ಇದರ ಮೇಲೆ.

ಬದಲಿಸುವುದು ಸುಲಭ, ಎಲಾಸ್ಟಿಕ್ ಕೊಳವೆಯೊಳಗೆ ಬಿಡಿಯಾಗಿ ಇದ್ದರೆ. ಹಿಂಭಾಗದ ನಡುವಿನಲ್ಲಿ ಎರಡು ಇಂಚು ಹೊಲಿಗೆ ಬಿಚ್ಚಿ, ಹಳೆಯದನ್ನು ಕತ್ತರಿಸಿ, ಅದರ ಒಂದು ತುದಿಗೆ ಹೊಸದನ್ನು ಪಿನ್ ಮಾಡಿ ಇನ್ನೊಂದು ತುದಿ ಎಳೆಯಿರಿ. ಹಳೆಯದು ಹೊರಬರುತ್ತಾ ಹೊಸದು ಒಳಗೆ ಹೋಗುತ್ತದೆ. ತಿರುಚಿಲ್ಲ ಎಂದು ಬೆರಳಲ್ಲಿ ಸವರಿ ನೋಡಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯಿರಿ. ಕೊನೆಗೆ ಎರಡೂ ಪಕ್ಕದ ಹೊಲಿಗೆಯ ನೇರಕ್ಕೆ ಪಟ್ಟಿಯ ಮೇಲಿಂದ ಕೆಳಗೆ ಒಂದು ಗೆರೆ ಹೊಲಿಗೆ ಹಾಕಿದರೆ ಒಗೆಯುವಾಗ ಒಳಗೇ ಮಗುಚಿಕೊಳ್ಳುವುದಿಲ್ಲ. ಬಟ್ಟೆಯ ಜೊತೆಗೇ ನಾಲ್ಕು ಸಾಲು ಹೊಲಿದ ಎಲಾಸ್ಟಿಕ್ ಆದರೆ ಆ ಹೊಲಿಗೆಯೆಲ್ಲ ಬಿಚ್ಚಬೇಕು, ಅರ್ಧ ದಿನದ ಕೆಲಸ.

ಲಾಡಿ ಸೊಂಟ ಹೆಚ್ಚು ಕಡಿಮೆ ಆಗುವವರಿಗೆ, ಗರ್ಭಿಣಿಯರಿಗೆ ಅನುಕೂಲ. ಬೋರಲು ಮಲಗುವವರಿಗೆ ಮಾತ್ರ ದುಂಡನೆಯ ಲಾಡಿಯ ಗಂಟು ಚುಚ್ಚುತ್ತದೆ. ಚಪ್ಪಟೆ ಪಟ್ಟಿಯ ಲಾಡಿ ನೋಡಿ.

ಸ್ನಾನದ ನಂತರಕ್ಕೆ ಯಾವ ರೋಬ್? ಟವೆಲ್ ಬಟ್ಟೆಯದೇ ಅಥವಾ ವಾಫಲ್?

ಟವೆಲ್ ಬಟ್ಟೆ, ಅಂದರೆ ಟೆರ್ರಿ, ಚೆನ್ನಾಗಿ ನೀರು ಹೀರುತ್ತದೆ. 350–400 ಜಿಎಸ್‌ಎಂ ಇದ್ದರೆ ಸುತ್ತಿಕೊಂಡಾಗ ಮೈ ಒರೆಸುವ ಕೆಲಸವೇ ಇಲ್ಲ. ಅದಕ್ಕೆ ತೆರುವ ಬೆಲೆ ಭಾರ ಮತ್ತು ಒಣಗುವ ಸಮಯ. ತೇವದ ಹವೆಯಲ್ಲಿ ಒಂದು ದಿನದಲ್ಲಿ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ವಾಫಲ್ ಬಟ್ಟೆಯ ಚೌಕುಳಿ ಗುಂಡಿಗಳು ನೀರನ್ನು ಮಟ್ಟಸವಾಗಿ ಹೀರುತ್ತವೆ, ಆದರೆ 200–250 ಜಿಎಸ್‌ಎಂ ಇರುವುದರಿಂದ ಬೇಗ ಒಣಗುತ್ತದೆ, ಮಡಚಿಟ್ಟರೆ ಜಾಗವೂ ಕಡಿಮೆ. ಹವೆ ಒಣದಾಗಿದ್ದು ಚಳಿ ಇದ್ದರೆ ಟೆರ್ರಿ, ಇಲ್ಲದಿದ್ದರೆ ವಾಫಲ್. ವಾಫಲ್ ಮೊದಲ ಒಗೆತದಲ್ಲಿ ಎದ್ದು ಕಾಣುವಷ್ಟು ಕುಗ್ಗುತ್ತದೆ, ಒಂದು ಸೈಜ್ ದೊಡ್ಡದೇ ಇರಲಿ.

ಟೆರ್ರಿ ರೋಬ್ ಬರಬರುತ್ತಾ ನೀರು ಹೀರದೆ ಜಾರಿಸುತ್ತದೆ ಎಂಬ ದೂರು ಬಹಳ. ಕಾರಣ ಬಟ್ಟೆ ಮೃದುವಾಗಲಿ ಎಂದು ಹಾಕುವ ಸಾಫ್ಟ್‌ನರ್. ಅದು ಎಳೆಗಳ ಮೇಲೆ ಜಿಡ್ಡಿನ ತೆಳು ಪದರ ಬಿಡುತ್ತದೆ. ಸಾಫ್ಟ್‌ನರ್ ನಿಲ್ಲಿಸಿ ಎರಡು ಮೂರು ಸಲ ಬಿಸಿನೀರಿನಲ್ಲಿ ಕಡಿಮೆ ಸೋಪು ಹಾಕಿ ಒಗೆದರೆ ಹೀರುವ ಗುಣ ಮರಳುತ್ತದೆ.

ರೋಬ್ ಕೂತಾಗ ಮಂಡಿಯ ಮೇಲೆ ತೆರೆದುಕೊಳ್ಳುತ್ತದೆ. ಸೈಜ್ ತಪ್ಪೇ?

ಮುಂಭಾಗದ ಎರಡು ಬದಿಗಳು ಒಂದರ ಮೇಲೊಂದು ಎಷ್ಟು ಬರುತ್ತವೆ ನೋಡಿ. ನಿಂತು ಬೆಲ್ಟ್ ಕಟ್ಟಿದಾಗ ಹಿಪ್ ಮಟ್ಟದಲ್ಲಿ 9–10 ಇಂಚು ಹೊದಿಕೆ ಇರಬೇಕು. 5–6 ಇಂಚು ಇದ್ದರೆ ಕೂತ ಕೂಡಲೇ ತೊಡೆ ಅದನ್ನು ಬಿಡಿಸಿಬಿಡುತ್ತದೆ. ಸೊಂಟದ ಒಳಗೆ ಒಂದು ಪುಟ್ಟ ಲಾಡಿ ಇದ್ದರೆ ಒಳಬದಿ ಜಾರುವುದಿಲ್ಲ. ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಹೊಲಿದುಕೊಳ್ಳಬಹುದು: ಒಳಗೆ ಬರುವ ಬದಿಯ ಅಂಚಿಗೆ ಒಂದು ಪಟ್ಟಿ, ಎದುರು ಪಕ್ಕದ ಹೊಲಿಗೆಯ ಒಳಗೆ ಇನ್ನೊಂದು.

ಬೆಲ್ಟ್ ಕುಣಿಕೆಗಳು ನಿಮ್ಮ ಸೊಂಟಕ್ಕಿಂತ ಕೆಳಗಿದ್ದರೂ ಇದೇ ತೊಂದರೆ. ಬೆಲ್ಟ್ ಜಾರಿ ಹಿಪ್ ಮೇಲೆ ಕೂರುತ್ತದೆ, ಎದೆಯ ಬಳಿ ರೋಬ್ ಸಡಿಲವಾಗುತ್ತದೆ. ಕುಣಿಕೆ ಬಿಚ್ಚಿ ಸರಿಯಾದ ಎತ್ತರಕ್ಕೆ ಹೊಲಿದರೆ ಮುಗಿಯಿತು. ಬೆಲ್ಟ್ ಉದ್ದ ಸೊಂಟಕ್ಕಿಂತ 36 ಇಂಚಾದರೂ ಹೆಚ್ಚಿರಲಿ. ಅದಕ್ಕಿಂತ ಗಿಡ್ಡವಾದರೆ ಗಂಟು ನಿಲ್ಲುವುದಿಲ್ಲ.

ಕಾಫ್ತಾನ್ ಅಥವಾ ರೋಬ್ ಹಾಕಿಕೊಂಡು ಅಡುಗೆ ಮಾಡಬಹುದೇ?

ಉರಿಯುವ ಒಲೆಯ ಮುಂದೆ ಬೇಡ. ಇಳಿಬಿದ್ದ ಅಗಲ ತೋಳು ಹಿಂದಿನ ಬರ್ನರ್‌ನ ಪಾತ್ರೆಗೆ ಕೈ ಚಾಚಿದಾಗ ಮುಂದಿನ ಬೆಂಕಿಯ ಮೇಲೆಯೇ ಹಾಯುತ್ತದೆ. ತೆಳು ಕಾಟನ್, ರೇಯಾನ್ ಬೇಗ ಹೊತ್ತಿಕೊಳ್ಳುತ್ತವೆ. ಮೇಲ್ಮೈಯಲ್ಲಿ ನವಿರು ರೋಮ ಎಬ್ಬಿಸಿದ ಫ್ಲಾನೆಲ್ ಮೇಲೆ ಜ್ವಾಲೆ ಕ್ಷಣದಲ್ಲಿ ಹರಡುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಮನೆಯಲ್ಲಿ ದಿನವಿಡೀ ಹಾಕುವ ಉಡುಪು ಬೇಕಿದ್ದರೆ ಮೊಣಕೈವರೆಗಿನ ಹೊಲಿದ ತೋಳಿರುವ ನೈಟಿ ಅಥವಾ ನೈಟ್‌ಸೂಟ್ ಆರಿಸಿ. ಕಾಫ್ತಾನ್‌ನಲ್ಲೇ ಇರಬೇಕೆಂದರೆ ಎರಡೂ ಬದಿಯ ಹಾರುವ ಬಟ್ಟೆಯನ್ನು ಹಿಂದಕ್ಕೆ ತಂದು ಬೆನ್ನ ಮೇಲೆ ಕ್ಲಿಪ್ ಹಾಕಿ, ಅಥವಾ ಮೈಗೆ ಹತ್ತಿರ ಕೂರುವ ಏಪ್ರನ್ ಕಟ್ಟಿ.

ಒಳಹೊಲಿಗೆ ಚುಚ್ಚುತ್ತದೆ. ಕೊಳ್ಳುವಾಗಲೇ ಹೇಗೆ ಗೊತ್ತುಮಾಡುವುದು?

ಉಡುಪನ್ನು ಒಳಮೈ ಹೊರಗೆ ತಿರುಗಿಸಿ, ಕಂಕುಳ, ತೊಡೆಯ ಒಳಭಾಗ, ಕತ್ತಿನ ಹಿಂದೆ – ಈ ಮೂರು ಕಡೆ ಮುಂಗೈಯ ಒಳಭಾಗದಿಂದ ಸವರಿ. ಬೆರಳ ತುದಿಗಿಂತ ಅಲ್ಲಿನ ಚರ್ಮ ಸೂಕ್ಷ್ಮ. ಓವರ್‌ಲಾಕ್ ಹೊಲಿಗೆಯ ದಾರ ನೈಲಾನ್ ಆಗಿದ್ದರೆ, ತುದಿ ಕತ್ತರಿಸಿದಲ್ಲಿ ಮುಳ್ಳಿನಂತೆ ನಿಂತಿರುತ್ತದೆ. ಕತ್ತಿನ ಲೇಬಲ್ ಬಿಚ್ಚುವುದಾದರೆ ಕತ್ತರಿಯಿಂದ ಕತ್ತರಿಸಬೇಡಿ, ಉಳಿದ ತುಂಡು ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಸೂಜಿಯಲ್ಲಿ ಅದರ ಹೊಲಿಗೆಯನ್ನೇ ಒಂದೊಂದಾಗಿ ಎತ್ತಿ ತೆಗೆಯಿರಿ. ಆದರೆ ಕೆಲವು ಉಡುಪುಗಳಲ್ಲಿ ಲೇಬಲ್ ಹೊಲಿದ ದಾರವೇ ಕತ್ತಿನ ಪಟ್ಟಿಯನ್ನೂ ಹಿಡಿದಿರುತ್ತದೆ, ಬಿಚ್ಚುವ ಮೊದಲು ಹೊರಗಡೆ ಅದೇ ಹೊಲಿಗೆ ಕಾಣುತ್ತದೆಯೇ ನೋಡಿ.